‘ಬುದ್ಧಿ ಬೆಳೆಯುತ್ತದೆ’ ಎಂಬ ಪಾಠ: ಸತ್ಯಾಂಶವೇನು?

ಫಾರ್ವರ್ಡ್ ಆಗಿ ಬಂದ ಸಂದೇಶ: “ಬುದ್ಧಿ ಬೆಳೆಯುತ್ತದೆ ಎಂದು ಮಕ್ಕಳಿಗೆ ನಂಬಿಸಿದರೆ ಸಾಕು, ಅಂಕಗಳು ತಾವಾಗಿಯೇ ಏರುತ್ತವೆ. ವಿಜ್ಞಾನ ಸಾಬೀತು ಮಾಡಿದೆ!”

ಅಷ್ಟು ಸಲೀಸಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ಯಾರಲ್ ಡ್ವೆಕ್ ಜನಪ್ರಿಯಗೊಳಿಸಿದ ಈ ‘ಗ್ರೋತ್ ಮೈಂಡ್‌ಸೆಟ್’ ವಿಚಾರ ಶಿಕ್ಷಕರಿಗೂ ಪೋಷಕರಿಗೂ ಹಿಡಿಸಿದ್ದು ಸಹಜ; ಖರ್ಚು ಕಡಿಮೆ, ಯಾವ ಮಗುವನ್ನೂ ದಡ್ಡ ಎನ್ನಬೇಕಾಗಿಲ್ಲ.

ಆದರೆ ಇಂಗ್ಲೆಂಡಿನಲ್ಲಿ ಆದದ್ದನ್ನು ನೋಡಿ. ಅಲ್ಲಿ ನೂರಕ್ಕೂ ಹೆಚ್ಚು ಶಾಲೆಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿನ ಆರನೇ ತರಗತಿಯ, ಅಂದರೆ ಹತ್ತು–ಹನ್ನೊಂದು ವಯಸ್ಸಿನ ಮಕ್ಕಳಿಗೆ ತರಬೇತಿ ಪಡೆದ ಶಿಕ್ಷಕರಿಂದ ವಾರಗಟ್ಟಲೆ ಈ ಪಾಠ ಮಾಡಿಸಿದರು. 2019ರ ವರದಿಯ ಪ್ರಕಾರ, ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಆ ಮಕ್ಕಳು ಉಳಿದವರಿಗಿಂತ ಮುಂದೆ ಹೋಗಲಿಲ್ಲ. ಒಂದು ತೊಡಕೂ ಇತ್ತು: ಹೋಲಿಕೆಯ ಶಾಲೆಗಳ ಬಹುತೇಕ ಶಿಕ್ಷಕರಿಗೆ ಈ ವಿಚಾರ ಮೊದಲೇ ಗೊತ್ತಿತ್ತು. ಹಾಗಾಗಿ ವ್ಯತ್ಯಾಸ ಮಸುಕಾಗಿರಬಹುದು.

ಹಾಗೆಂದು ಎಲ್ಲವೂ ಟೊಳ್ಳಲ್ಲ. ಅದೇ ವರ್ಷ ಪ್ರಕಟವಾದ, ಅಮೆರಿಕದ ಒಂಬತ್ತನೇ ತರಗತಿಯ ಸುಮಾರು 12,000 ಮಕ್ಕಳ ಮೇಲಿನ ಅಧ್ಯಯನದಲ್ಲಿ, ಒಂದು ಗಂಟೆಗೂ ಕಡಿಮೆ ಅವಧಿಯ ಆನ್‌ಲೈನ್ ಪಾಠದಿಂದ ಹಿಂದುಳಿದ ವಿದ್ಯಾರ್ಥಿಗಳ ಸರಾಸರಿ ಗ್ರೇಡ್ 0.1 ಅಂಶ ಏರಿತು. ಏರಿದ್ದು ನಿಜ. ಆದರೆ ಅಲ್ಲಿನ ಅಳತೆಗೋಲು 4 ಅಂಶಗಳದ್ದು, ಮತ್ತು ಸಹಪಾಠಿಗಳ ವಾತಾವರಣ ಆ ಪಾಠಕ್ಕೆ ಒಗ್ಗುವ ಶಾಲೆಗಳಲ್ಲೇ ಪರಿಣಾಮ ಹೆಚ್ಚು ಕಂಡಿತು.