ತ್ರಿಭುಜದ ಹೊರಗೆ ಎಳೆದ ಆ ಗೆರೆ

‘ಯೂಕ್ಲಿಡ್‌ನನ್ನು ಬಿಟ್ಟು ಬೇರೆ ರೇಖಾಗಣಿತಗಳು ಹುಟ್ಟಿದವು, ಆಮೇಲೆ ಐನ್‌ಸ್ಟೈನ್ ಬಂದರು, ಅಲ್ಲಿಗೆ ಕಾಂಟ್ ಕತೆ ಮುಗಿಯಿತು.’ ತತ್ತ್ವಶಾಸ್ತ್ರದ ಚರ್ಚೆಗಳಲ್ಲಿ ಈ ಮಾತು ಪದೇಪದೇ ಬರುತ್ತದೆ. ಯೂಕ್ಲಿಡ್‌ನ ರೇಖಾಗಣಿತ ಅನುಭವಕ್ಕೆ ಕಾಯದೆಯೇ ಜಗತ್ತಿನ ಬಗ್ಗೆ ಹೊಸದನ್ನು ತಿಳಿಸುತ್ತದೆ ಎಂದವನು 18ನೇ ಶತಮಾನದ ಜರ್ಮನ್ ತತ್ತ್ವಜ್ಞ ಕಾಂಟ್, ಆ ನಿಲುವು ಕುಸಿಯಿತು ಎಂಬುದು ಈ ಮಾತಿನ ಅರ್ಥ. ಇದರಲ್ಲಿ ಅರ್ಧ ಸತ್ಯ ಇದೆ. ಆದರೆ ಪೆಟ್ಟು ಯಾವ ಕಡೆ ಬಿತ್ತು, ಯಾವ ಕಡೆ ಬೀಳಲೇ ಇಲ್ಲ ಎಂಬುದನ್ನು ನೋಡದೆ ಹೀಗೆ ಹೇಳಿಬಿಡುವುದು ನನಗೆ ಒಪ್ಪಿಗೆಯಿಲ್ಲ. ಕಾಂಟ್‌ನ ವಾದ ನಿಜಕ್ಕೂ ಸಡಿಲವಾಗಿರುವ ಜಾಗ ಬೇರೆ ಇದೆ. ಅದು ಕಾಣಬೇಕಾದರೆ ಅವನೇ ಕೊಟ್ಟ ಒಂದು ಉದಾಹರಣೆಯನ್ನು ಹೆಜ್ಜೆಹೆಜ್ಜೆಯಾಗಿ ಬಿಡಿಸಿ ನೋಡಬೇಕು.

ಮೊದಲು ಎರಡು ಪ್ರಶ್ನೆಗಳನ್ನು ಬೇರೆಬೇರೆ ಇಟ್ಟುಕೊಳ್ಳೋಣ. ಒಂದು ಮಾತು ತನ್ನ ವಿಷಯದ ಕಲ್ಪನೆಯೊಳಗೆ ಆಗಲೇ ಇರುವುದನ್ನೇ ಬಿಚ್ಚಿ ಹೇಳುತ್ತದೆಯೋ, ಅದಕ್ಕೆ ಹೊಸದೇನನ್ನಾದರೂ ಸೇರಿಸುತ್ತದೆಯೋ? ‘ಎಲ್ಲ ಕಾಯಗಳೂ ಜಾಗ ಆಕ್ರಮಿಸುತ್ತವೆ’ ಎಂಬುದು ಬಿಚ್ಚಿ ಹೇಳುವ ಮಾತು, ಅಂದರೆ ವಿಶ್ಲೇಷಣಾತ್ಮಕ. ಅದನ್ನು ಅಲ್ಲಗಳೆದರೆ ವಿರೋಧಾಭಾಸ ಬರುತ್ತದೆ. ‘ಎಲ್ಲ ಕಾಯಗಳಿಗೂ ಭಾರ ಇದೆ’ ಎಂಬುದು ಹೊಸದನ್ನು ಸೇರಿಸುವ ಮಾತು, ಸಂಶ್ಲೇಷಣಾತ್ಮಕ. ಎರಡನೆಯ ಪ್ರಶ್ನೆ, ಆ ಮಾತಿಗೆ ಆಧಾರ ಎಲ್ಲಿಂದ ಬಂತು ಎಂಬುದು. ಅನುಭವದಿಂದ ಬಂದಿದ್ದರೆ ‘ಇಲ್ಲಿಯವರೆಗೆ ಹೀಗೆ ಕಂಡಿದೆ’ ಎನ್ನಬಹುದೇ ಹೊರತು ‘ಹೀಗೇ ಇರಲೇಬೇಕು’ ಎನ್ನಲಾಗದು. ಹೀಗೇ ಇರಬೇಕೆಂಬ ಅನಿವಾರ್ಯತೆ, ಒಂದೂ ಅಪವಾದವಿಲ್ಲದ ವ್ಯಾಪ್ತಿ ಎರಡೂ ಇದ್ದರೆ ಅದು ಅನುಭವಪೂರ್ವ.

‘ಅನುಭವಪೂರ್ವ’ ಎಂದ ಕೂಡಲೇ ಹುಟ್ಟುವಾಗಲೇ ಮಗುವಿಗೆ ರೇಖಾಗಣಿತ ಗೊತ್ತಿರುತ್ತದೆ ಎಂದು ಕಾಂಟ್ ಹೇಳುತ್ತಿದ್ದಾನೆ ಎಂದು ಅನೇಕರು ತಿಳಿಯುತ್ತಾರೆ. ಅವನು ಹಾಗೆ ಹೇಳಿಲ್ಲ. ‘ಶುದ್ಧ ವಿವೇಕದ ವಿಮರ್ಶೆ’ಯ 1787ರ ಎರಡನೇ ಆವೃತ್ತಿಯ ಪೀಠಿಕೆ ಶುರುವಾಗುವುದೇ ನಮ್ಮ ಅರಿವೆಲ್ಲ ಅನುಭವದ ಜೊತೆಗೇ ಆರಂಭವಾಗುತ್ತದೆ ಎಂಬ ಮಾತಿನಿಂದ. ಅನುಭವದ ಜೊತೆ ಆರಂಭವಾದದ್ದೆಲ್ಲ ಅನುಭವದಿಂದಲೇ ಹುಟ್ಟಿದ್ದು ಎಂದಾಗುವುದಿಲ್ಲ ಎಂಬುದಷ್ಟೇ ಅವನ ವಾದ. ಪ್ರಶ್ನೆ ಇರುವುದು ಕಲಿತ ಕಾಲದ ಬಗ್ಗೆ ಅಲ್ಲ, ಸಮರ್ಥನೆಯ ಬಗ್ಗೆ.

ಹೊಸದನ್ನೂ ಹೇಳಬೇಕು, ಅನುಭವಕ್ಕೆ ಕಾಯಲೂಬಾರದು. ಇಂಥ ಮಾತು ಇರಲು ಸಾಧ್ಯವೇ? ಕಾಂಟ್ ಗ್ರಂಥದ ಕೊನೆಯ ಭಾಗದಲ್ಲಿ ತ್ರಿಭುಜದ ಉದಾಹರಣೆ ಕೊಡುತ್ತಾನೆ. ಹೈಸ್ಕೂಲಿನಲ್ಲಿ ನಾವೆಲ್ಲ ಬರೆದ ಪ್ರಮೇಯವೇ ಅದು: ತ್ರಿಭುಜದ ಮೂರು ಕೋನಗಳ ಮೊತ್ತ ಎರಡು ಲಂಬಕೋನ. ಮೂರು ಸರಳರೇಖೆಗಳಿಂದ ಸುತ್ತುವರಿದ ಆಕೃತಿ ಎಂಬ ಕಲ್ಪನೆಯನ್ನು ಒಬ್ಬ ತತ್ತ್ವಜ್ಞನ ಕೈಗೆ ಕೊಡಿ ಎನ್ನುತ್ತಾನೆ. ಆತ ರೇಖೆ ಎಂದರೇನು, ಕೋನ ಎಂದರೇನು, ಮೂರು ಎಂದರೇನು ಎಂದು ಎಷ್ಟು ಬಿಡಿಸಿದರೂ ಈ ಮೊತ್ತ ಸಿಗುವುದಿಲ್ಲ. ಗಣಿತಜ್ಞ ಮಾಡುವುದೇ ಬೇರೆ. ಅವನು ನೇರವಾಗಿ ಆಕೃತಿ ರಚಿಸಲು ಕೂರುತ್ತಾನೆ.

ಎಬಿಸಿ ತ್ರಿಭುಜ ಇದೆ ಎನ್ನಿ. ಬಿಸಿ ಬಾಹುವನ್ನು ಸಿ ಬಿಂದುವಿನ ಆಚೆಗೆ ಡಿ ತನಕ ಎಳೆಯಿರಿ. ಈಗ ಸಿ ಹತ್ತಿರ ಒಳಕೋನ ಮತ್ತು ಹೊರಕೋನ ಸೇರಿ ಎರಡು ಲಂಬಕೋನ ಆದವು. ಸಿ ಬಿಂದುವಿನಿಂದ ಬಿಎ ಬಾಹುವಿಗೆ ಸಮಾಂತರವಾಗಿ ಸಿಇ ರೇಖೆ ಎಳೆಯಿರಿ. ಅದು ಹೊರಕೋನವನ್ನು ಎರಡಾಗಿ ಸೀಳುತ್ತದೆ. ಮೇಲಿನ ತುಂಡು ಎ ಕೋನಕ್ಕೆ ಸಮ, ಏಕೆಂದರೆ ಅವು ಪರ್ಯಾಯ ಕೋನಗಳು. ಕೆಳಗಿನ ತುಂಡು ಬಿ ಕೋನಕ್ಕೆ ಸಮ, ಅವು ಅನುರೂಪ ಕೋನಗಳು. ಎ, ಬಿ, ಸಿ ಮೂರೂ ಒಂದೇ ಸರಳರೇಖೆಯ ಮೇಲೆ ಪಕ್ಕಪಕ್ಕದಲ್ಲಿ ಬಂದು ಕೂತವು. ಪ್ರಮೇಯ ಮುಗಿಯಿತು.

ಸಿಇ ರೇಖೆ ಬಂದದ್ದೆಲ್ಲಿಂದ ಎಂದು ಕೇಳಿಕೊಳ್ಳಿ. ತ್ರಿಭುಜದ ಕಲ್ಪನೆಯೊಳಗೆ ಅದು ಇರಲಿಲ್ಲ. ನಾವು ಎಳೆದೆವು. ಎಳೆಯಲು ಆಕೃತಿಯ ಹೊರಗೆ ಜಾಗ ಬೇಕಿತ್ತು, ಅದು ಕೇಳುವ ಮೊದಲೇ ಸಿದ್ಧವಾಗಿತ್ತು. ಇನ್ನೂ ಸೂಕ್ಷ್ಮವಾದ ಒಂದು ಸಂಗತಿ ಇದೆ. ಸಿಇ ರೇಖೆ ಹೊರಕೋನದ ಒಳಗೇ ಬೀಳುತ್ತದೆ ಎಂದು ಯಾರು ಹೇಳಿದರು? ಯೂಕ್ಲಿಡ್‌ನ ಸ್ವಯಂಸಿದ್ಧಗಳಲ್ಲಿ ‘ಒಳಗೆ’, ‘ನಡುವೆ’ ಎಂಬುದಕ್ಕೆ ನಿಯಮವೇ ಇಲ್ಲ. ಚಿತ್ರ ನೋಡಿ ಒಪ್ಪಿಕೊಂಡೆವು ಅಷ್ಟೇ. ಯೂಕ್ಲಿಡ್‌ನ ಮೊಟ್ಟಮೊದಲ ಪ್ರಮೇಯದಲ್ಲೂ ಎರಡು ವೃತ್ತಗಳು ಒಂದನ್ನೊಂದು ಛೇದಿಸುತ್ತವೆ ಎಂಬುದು ಹೀಗೆಯೇ ಚಿತ್ರದ ಬಲದಿಂದ ಬರುತ್ತದೆ. ಅಂದರೆ ಚಿತ್ರ ಇಲ್ಲಿ ವಿವರಣೆಗೆ ಹಚ್ಚಿದ ಅಲಂಕಾರವಲ್ಲ, ಸಾಧನೆಯ ಒಂದು ಹೆಜ್ಜೆ.

ಹಾಗಾದರೆ ಇದು ಅನುಭವದ ಮಾತೇ ಆಯಿತಲ್ಲ ಎನ್ನಬಹುದು. ಇಲ್ಲ. ಕಾಗದದ ಮೇಲಿನ ತ್ರಿಭುಜದ ಗೆರೆ ದಪ್ಪ ಇರಬಹುದು, ಬಾಹು ಐದು ಸೆಂಟಿಮೀಟರ್ ಇರಬಹುದು. ಸಾಧನೆ ಅದ್ಯಾವುದನ್ನೂ ಬಳಸುವುದಿಲ್ಲ, ಎಳೆಯುವ ಕ್ರಮವನ್ನಷ್ಟೇ ಬಳಸುತ್ತದೆ. ಕೋನಮಾಪಕ ಇಟ್ಟು ಅಳೆದಾಗ 179 ಡಿಗ್ರಿ ಬಂದರೆ ನಾವು ಪ್ರಮೇಯವನ್ನು ತಿದ್ದುವುದಿಲ್ಲ, ಚಿತ್ರ ಸರಿಯಿಲ್ಲ ಎನ್ನುತ್ತೇವೆ.

ಈಗ ನಿಜವಾದ ಸಮಸ್ಯೆ. ಇಲ್ಲಿ ಎಳೆದ ಒಂದು ತ್ರಿಭುಜದಿಂದ, ನಾನು ಎಂದೂ ನೋಡದ, ಮುಂದೆ ಎದುರಾಗಬಹುದಾದ ಎಲ್ಲ ತ್ರಿಭುಜಗಳ ಬಗ್ಗೆ ನನಗೆ ಗೊತ್ತಾಗುವುದು ಹೇಗೆ? ನ್ಯೂಟನ್ ಭಾವಿಸಿದಂತೆ ದೇಶ, ಅಂದರೆ ವಸ್ತುಗಳೆಲ್ಲ ಇರುವ ಜಾಗ, ಎಂಬುದು ಸ್ವತಂತ್ರವಾಗಿ ಹರಡಿರುವ ಒಂದು ವಾಸ್ತವವಾದರೆ ಅದು ಹೇಗಿದೆ ಎಂದು ನಾನು ಅದರಿಂದಲೇ ಕಲಿಯಬೇಕು. ಲೈಬ್ನಿಜ್ ಭಾವಿಸಿದಂತೆ ಅದು ವಸ್ತುಗಳ ನಡುವಿನ ಸಂಬಂಧಗಳ ವ್ಯವಸ್ಥೆಯಾದರೆ ವಸ್ತುಗಳಿಂದ ಕಲಿಯಬೇಕು. ಎರಡರಲ್ಲೂ ಕಾಯುವುದು ತಪ್ಪದು. ಕಾಯದೆಯೂ ತಿಳಿಯುತ್ತದೆ ಎಂದಾದರೆ ಉಳಿಯುವ ದಾರಿ ಒಂದೇ ಎನ್ನುತ್ತಾನೆ ಕಾಂಟ್: ನಾನು ಮನಸ್ಸಿನಲ್ಲಿ ಗೆರೆ ಎಳೆಯುವ ಬಗೆಯೂ, ಹೊರಗಿನ ಯಾವುದೇ ವಸ್ತು ನನಗೆ ನೇರವಾಗಿ ಒದಗುವ ಬಗೆಯೂ ಒಂದೇ ಆಗಿರಬೇಕು. ವಸ್ತು ಹೀಗೆ ನೇರವಾಗಿ ಒದಗುವುದನ್ನು ಕಾಣ್ಕೆ ಎನ್ನೋಣ. ದೇಶ ಎಂದರೆ ಆ ಬಗೆಯೇ, ಮಾನವ ಕಾಣ್ಕೆಯ ರೂಪ. ಕಾಲದ ಬಗ್ಗೆಯೂ ಇದೇ ಮಾತು. ಕ್ಷಣಗಳು ಒಂದರ ಬೆನ್ನಿಗೆ ಒಂದು ಬರುತ್ತವೆಯೇ ಹೊರತು ಒಟ್ಟಿಗೆ ಇರುವುದಿಲ್ಲ ಎಂಬುದನ್ನು ನಾವು ಎಣಿಸಿ ಸಂಗ್ರಹಿಸಿದ್ದಲ್ಲ. ಏಳಕ್ಕೆ ಐದನ್ನು ಒಂದೊಂದಾಗಿ ಕೂಡಿಸುತ್ತಾ ಹನ್ನೆರಡಕ್ಕೆ ತಲುಪುವ ಅವನ ಹೆಸರಾಂತ ಉದಾಹರಣೆ ನಿಂತಿರುವುದೂ ಹೀಗೆ ಒಂದಾದ ಮೇಲೊಂದು ಸೇರಿಸುವ ಕ್ರಿಯೆಯ ಮೇಲೆ.

ಇದನ್ನು ಹೇಳಿಕೊಡುವಾಗ ಬಣ್ಣದ ಕನ್ನಡಕದ ಹೋಲಿಕೆ ಕೊಡುವುದು ರೂಢಿ. ನನ್ನ ಪ್ರಕಾರ ಅದು ದಾರಿ ತಪ್ಪಿಸುತ್ತದೆ. ಕನ್ನಡಕವನ್ನು ತೆಗೆದಿಟ್ಟು ವಸ್ತುವಿನ ಅಸಲಿ ಬಣ್ಣ ನೋಡಬಹುದು. ದೇಶವನ್ನು ತೆಗೆದಿಟ್ಟರೆ ಹೊರಗಿನದು ಎನ್ನುವುದಕ್ಕೇ ಅರ್ಥ ಉಳಿಯುವುದಿಲ್ಲ.

ಸಡಿಲವಾದ ಜಾಗ ಈಗ ಕಾಣುತ್ತದೆ. ಕಾಂಟ್ ಎಡಗೈ, ಬಲಗೈಗಳ ಉದಾಹರಣೆಯನ್ನು ಹಲವು ಬಾರಿ ಬಳಸಿದ್ದಾನೆ. ಎಡಗೈಯ ಬೆರಳುಗಳ ಉದ್ದ, ಅವುಗಳ ನಡುವಿನ ದೂರ, ಕೋನ ಎಲ್ಲವನ್ನೂ ಬರೆದಿಡಿ. ಅದರ ಪ್ರತಿಬಿಂಬದಂತಿರುವ ಬಲಗೈಗೂ ಅದೇ ಪಟ್ಟಿ ಹೊಂದುತ್ತದೆ. ಆದರೂ ಒಂದರ ಗವಸು ಇನ್ನೊಂದಕ್ಕೆ ಸೇರದು. ಆಂತರಿಕ ಸಂಬಂಧಗಳ ಪಟ್ಟಿಯಲ್ಲಿ ಸಿಗದ ವ್ಯತ್ಯಾಸವೊಂದು ನೇರ ಕಾಣ್ಕೆಗೆ ಸಿಗುತ್ತದೆ. 1768ರಲ್ಲಿ ಇದೇ ಉದಾಹರಣೆಯಿಂದ ಅವನು ತೀರ್ಮಾನಿಸಿದ್ದು ದೇಶ ವಸ್ತುಗಳಿಂದ ಸ್ವತಂತ್ರವಾದ ವಾಸ್ತವ ಎಂದು. 1783ರಲ್ಲಿ ಇದೇ ಉದಾಹರಣೆಯಿಂದ ತೀರ್ಮಾನಿಸಿದ್ದು ದೇಶ ನಮ್ಮ ಇಂದ್ರಿಯಗ್ರಹಣದ ರೂಪ ಎಂದು. ಸಾಕ್ಷ್ಯ ಬದಲಾಗಲಿಲ್ಲ, ತೀರ್ಪು ಬದಲಾಯಿತು. ಅಂದರೆ ಆ ಸಾಕ್ಷ್ಯವೊಂದೇ ಎರಡರ ನಡುವೆ ತೀರ್ಮಾನ ಕೊಡಲಾರದು.

19ನೇ ಶತಮಾನದಲ್ಲಿ ಜರ್ಮನ್ ತತ್ತ್ವಜ್ಞ ಟ್ರೆಂಡೆಲೆನ್‌ಬರ್ಗ್ ಒತ್ತಿ ಹೇಳಿದ ಆಕ್ಷೇಪ ಇಲ್ಲಿಗೇ ನಾಟುತ್ತದೆ. ದೇಶ ನಮ್ಮ ಕಾಣ್ಕೆಯ ರೂಪ ಎಂದು ಒಪ್ಪೋಣ. ಅದು ವಸ್ತುಗಳ ಸ್ವಂತ ಗುಣವೂ ಆಗಿರಬಾರದೇಕೆ? ಎರಡೂ ಆಗಿರುವ ಮೂರನೇ ಸಾಧ್ಯತೆಯನ್ನು ಕಾಂಟ್ ಪರಿಗಣಿಸಲಿಲ್ಲ ಎಂಬುದು ದೂರು. ಹಾಗಿದ್ದರೆ ಆ ಹೊಂದಾಣಿಕೆ ಬರೀ ಕಾಕತಾಳೀಯವಾಗುತ್ತದೆ, ನಮಗೆ ಅದು ಗೊತ್ತಾಗುವ ದಾರಿಯೇ ಇರುವುದಿಲ್ಲ ಎಂದು ಕಾಂಟ್ ಪರವಾದವರು ಉತ್ತರಿಸುತ್ತಾರೆ. ಉತ್ತರ ಸರಿ, ಆದರೆ ಸಾಲದು. ‘ವಸ್ತುಗಳು ತಮ್ಮಷ್ಟಕ್ಕೆ ದೇಶದಲ್ಲಿವೆಯೋ ಇಲ್ಲವೋ ನಮಗೆ ತಿಳಿಯದು’ ಎಂಬುದಷ್ಟೇ ಅದರಿಂದ ಸಿಗುತ್ತದೆ. ಕಾಂಟ್ ಹೇಳಿದ್ದು ‘ಇಲ್ಲ’ ಎಂದು. ಆ ಹೆಜ್ಜೆಗೆ ಆಧಾರ ಸಿಕ್ಕಿಲ್ಲ ಎಂದೇ ನಾನು ಭಾವಿಸುತ್ತೇನೆ.

ಇನ್ನು ಬೇರೆ ರೇಖಾಗಣಿತಗಳ ಮಾತು. 1829ರಲ್ಲಿ ಲೊಬಚೆವ್‌ಸ್ಕಿ, 1832ರಲ್ಲಿ ಬೊಯಾಯಿ ಪ್ರಕಟಿಸಿದ ರೇಖಾಗಣಿತದಲ್ಲಿ ತ್ರಿಭುಜದ ಕೋನಗಳ ಮೊತ್ತ 180ಕ್ಕಿಂತ ಕಡಿಮೆ, ಆದರೂ ತಾರ್ಕಿಕ ವಿರೋಧ ಇಲ್ಲ. ಇದು ಕಾಂಟ್‌ಗೆ ವಿರುದ್ಧ ಎನ್ನುವವರು ಗಮನಿಸಬೇಕಾದದ್ದು, ಅವನ ವಾದಕ್ಕೆ ಬೇಕಿದ್ದುದೇ ಇದು. ಯೂಕ್ಲಿಡ್‌ನ ಪ್ರಮೇಯ ಸಂಶ್ಲೇಷಣಾತ್ಮಕ ಆಗಿದ್ದರೆ ಅದನ್ನು ಅಲ್ಲಗಳೆದಾಗ ವಿರೋಧಾಭಾಸ ಬರಬಾರದು. ಎರಡೇ ಸರಳರೇಖೆಗಳಿಂದ ಸುತ್ತುವರಿದ ಆಕೃತಿಯ ಕಲ್ಪನೆಯಲ್ಲಿ ವಿರೋಧವಿಲ್ಲ, ಅಸಾಧ್ಯತೆ ಇರುವುದು ಅದರ ರಚನೆಯಲ್ಲಿ ಎಂದು ಅವನೇ ಬರೆದಿದ್ದಾನೆ. ಅಂಕಗಣಿತದ ವಿಷಯದಲ್ಲಿ 1884ರಲ್ಲಿ ಅವನನ್ನು ವಿರೋಧಿಸಿದ ತರ್ಕಶಾಸ್ತ್ರಜ್ಞ ಫ್ರೇಗೆ ಕೂಡ ರೇಖಾಗಣಿತದ ವಿಷಯದಲ್ಲಿ ಅವನ ಜೊತೆಗೇ ನಿಂತ.

ಪೆಟ್ಟು ಬಿದ್ದದ್ದು ಎರಡು ಕಡೆ. ಮೊದಲನೆಯದು ಚಿತ್ರದ ಮೇಲೆ. 1882ರಲ್ಲಿ ಪಾಶ್, 1899ರಲ್ಲಿ ಹಿಲ್ಬರ್ಟ್ ‘ನಡುವೆ’ ಎಂಬುದಕ್ಕೇ ಸ್ವಯಂಸಿದ್ಧಗಳನ್ನು ಕೊಟ್ಟರು. ಈಗ ಸಿಇ ರೇಖೆ ಹೊರಕೋನದ ಒಳಗೆ ಬೀಳುತ್ತದೆ ಎಂಬುದನ್ನು ಚಿತ್ರ ನೋಡದೆ ಸಾಧಿಸಬಹುದು. ಸಾಧನೆಯ ಹೆಜ್ಜೆಗಳಿಗೆ ಕಾಣ್ಕೆ ಬೇಕೇಬೇಕು ಎಂಬ ಮಾತು ಅಲ್ಲಿಗೆ ಬಿದ್ದುಹೋಯಿತು. ಸ್ವಯಂಸಿದ್ಧಗಳನ್ನು ಏಕೆ ಒಪ್ಪಬೇಕು ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು.

ಎರಡನೆಯದು ಅನುಭವಪೂರ್ವ ಎಂಬುದರ ಮೇಲೆ. ಐನ್‌ಸ್ಟೈನ್ ಅವರ 1915ರ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತದ ಪ್ರಕಾರ ಸೂರ್ಯನ ಅಂಚನ್ನು ಹಾದು ಬರುವ ನಕ್ಷತ್ರದ ಬೆಳಕು ಡಿಗ್ರಿಯ 3600ನೇ ಒಂದು ಭಾಗದ ಲೆಕ್ಕದಲ್ಲಿ, ಅಂದರೆ ಸುಮಾರು 1.75 ಆರ್ಕ್‌ಸೆಕೆಂಡ್ ಬಾಗಬೇಕು. ನ್ಯೂಟನ್ ಲೆಕ್ಕದ ಪ್ರಕಾರ ಅದರ ಅರ್ಧ, ಸುಮಾರು 0.87. ಉಳಿದರ್ಧ ಬರುವುದು ದೇಶವೇ ಯೂಕ್ಲಿಡ್‌ನದ್ದಲ್ಲ ಎಂಬುದರಿಂದ. 1919ರ ಸೂರ್ಯಗ್ರಹಣದಲ್ಲಿ ತೆಗೆದ ಛಾಯಾಚಿತ್ರಗಳ ಅಳತೆಗಳು ದೊಡ್ಡ ಸಂಖ್ಯೆಯ ಕಡೆಗೇ ವಾಲಿದವು. ಕಾಂಟ್ ಹೇಳಿದ್ದು ಕಣ್ಣಿಗೆ ಕಾಣುವ ದೇಶದ ಬಗ್ಗೆ, ಭೌತಶಾಸ್ತ್ರದ ದೇಶದ ಬಗ್ಗೆ ಅಲ್ಲ ಎಂದು ಅವನನ್ನು ಪಾರುಮಾಡಲು ಹೊರಡುವುದು ಸರಿಯಲ್ಲ. ನ್ಯೂಟನ್‌ನ ಭೌತಶಾಸ್ತ್ರಕ್ಕೆ ಭದ್ರ ನೆಲೆ ಒದಗಿಸುವುದೇ ಅವನ ಉದ್ದೇಶವಾಗಿತ್ತು, ಅವನಿಗೆ ಎರಡೂ ಒಂದೇ ದೇಶ.

1920ರಲ್ಲಿ ತತ್ತ್ವಜ್ಞ ರೈಶೆನ್‌ಬಾಖ್ ಮಾಡಿದ ವಿಂಗಡಣೆ ನನಗೆ ಅತ್ಯಂತ ಉಪಯುಕ್ತವಾಗಿ ಕಾಣುವುದು ಇಲ್ಲಿ. ಅನುಭವಪೂರ್ವ ಎಂಬುದರಲ್ಲಿ ಕಾಂಟ್ ಎರಡು ಅರ್ಥಗಳನ್ನು ಬೆಸೆದಿದ್ದ: ಎಂದೂ ಬದಲಾಗದ್ದು ಎಂಬುದೊಂದು, ವಸ್ತುವನ್ನು ಅರಿವಿನ ವಸ್ತುವಾಗಿ ರೂಪಿಸುವಂಥದ್ದು ಎಂಬುದು ಇನ್ನೊಂದು. ಮೊದಲನೆಯದನ್ನು ಬಿಡಲೇಬೇಕು. ಎರಡನೆಯದು 1919ರ ಅಳತೆಯೊಳಗೇ ಇದೆ. 1.75 ಎಂಬ ಸಂಖ್ಯೆ ಏನನ್ನಾದರೂ ಹೇಳಬೇಕಾದರೆ ಬೆಳಕಿನ ಹಾದಿಯನ್ನು ಯಾವ ಬಗೆಯ ರೇಖೆ ಎಂದು ಎಣಿಸಬೇಕು, ಛಾಯಾಚಿತ್ರದ ಫಲಕದ ಮೇಲಿನ ದೂರ ಆಕಾಶದ ಯಾವ ಕೋನಕ್ಕೆ ಸಮ ಎಂಬುದನ್ನು ಅಳೆಯುವ ಮೊದಲೇ ನಿಗದಿ ಮಾಡಿರಬೇಕು. ಆ ನಿಗದಿ ಫಲಕದಿಂದ ಓದಿಕೊಂಡದ್ದಲ್ಲ.