ಮೀಟರ್ 185, ಲ್ಯಾಬ್ 141: ಸತ್ಯಾಂಶ

“ಊಟವಾದ ಮೇಲೆ ಬೆರಳಿನ ಮೀಟರ್ ರಕ್ತದ ಸಕ್ಕರೆ 185 ತೋರಿಸಿತು, ಅದೇ ಹೊತ್ತಿಗೆ ಕೊಟ್ಟ ರಕ್ತಕ್ಕೆ ಲ್ಯಾಬ್ 141 ಎಂದಿತು. ಮೀಟರ್‌ಗಳೆಲ್ಲ ಸುಳ್ಳು!”

ಇಲ್ಲಿ ಮೀಟರ್ ಕೆಟ್ಟಿರಲೇಬೇಕೆಂದಿಲ್ಲ. ಬೆರಳ ತುದಿಯ ರಕ್ತ ಇನ್ನೂ ಅಂಗಾಂಶಗಳಿಗೆ ಸಕ್ಕರೆ ಹಂಚುತ್ತಿರುತ್ತದೆ, ಲ್ಯಾಬಿಗೆ ಕೊಡುವ ಅಭಿಧಮನಿಯ ರಕ್ತ ಹಂಚಿ ಮರಳುತ್ತಿರುತ್ತದೆ. ಆದ್ದರಿಂದ ಖಾಲಿ ಹೊಟ್ಟೆಯಲ್ಲಿ ಹೆಚ್ಚುಕಡಿಮೆ ಒಂದೇ ಇರುವ ಇವೆರಡು ಊಟದ ನಂತರ ದೂರವಾಗುತ್ತವೆ. ಜೊತೆಗೆ, 100ಕ್ಕಿಂತ ಮೇಲಿನ ಮಟ್ಟದಲ್ಲಿ ಮೀಟರಿಗೆ ಶೇ 15ರ ವ್ಯತ್ಯಾಸವನ್ನು ಅಂತಾರಾಷ್ಟ್ರೀಯ ಮಾನದಂಡವೇ ಒಪ್ಪುತ್ತದೆ.

ನನ್ನ ಅನುಮಾನ ಹೆಚ್ಚಾಗಿ ಲ್ಯಾಬಿನ 141ರ ಮೇಲೆಯೇ. ಟ್ಯೂಬಿನಲ್ಲಿರುವ ರಕ್ತಕಣಗಳು ಬದುಕಿಯೇ ಇರುತ್ತವೆ, ಸಕ್ಕರೆ ತಿನ್ನುತ್ತಲೇ ಇರುತ್ತವೆ; ಕೋಣೆಯ ಉಷ್ಣಾಂಶದಲ್ಲಿ ಗಂಟೆಗೆ ಸುಮಾರು ಶೇ 5ರಿಂದ 7ರಷ್ಟು ಕರಗುತ್ತದೆ. ತೆಗೆದಾಗ 160 ಇದ್ದ ರಕ್ತ ಎರಡು ಗಂಟೆ ಮೇಜಿನ ಮೇಲೆ ಕುಳಿತರೆ, ಗಂಟೆಗೆ ಶೇ 6ರ ಲೆಕ್ಕದಲ್ಲಿ, ಮೊದಲು 150ಕ್ಕೆ, ಆಮೇಲೆ 141ಕ್ಕೆ ಇಳಿಯುತ್ತದೆ.

ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬ್ ಇದನ್ನು ತಡೆಯುತ್ತದೆ ನಿಜ, ಆದರೆ ಅದರ ಪರಿಣಾಮ ಪೂರ್ಣವಾಗಲು ಒಂದೆರಡು ಗಂಟೆಗಳಾದರೂ ಬೇಕು, ಅಷ್ಟರಲ್ಲಿ ಒಂದಿಷ್ಟು ಸಕ್ಕರೆ ಹೋಗಿಯೇ ಇರುತ್ತದೆ. ಟ್ಯೂಬನ್ನು ಕೂಡಲೇ ಮಂಜುಗಡ್ಡೆ ನೀರಿನಲ್ಲಿಟ್ಟು, ಅರ್ಧ ಗಂಟೆಯೊಳಗೆ ರಕ್ತಕಣಗಳಿಂದ ಪ್ಲಾಸ್ಮಾ ಬೇರ್ಪಡಿಸುವುದು ಸರಿಯಾದ ಕ್ರಮ. ಸಂಖ್ಯೆ ಅನುಮಾನಾಸ್ಪದವಾಗಿ ಕಡಿಮೆ ಕಂಡರೆ, ರಕ್ತ ತೆಗೆದ ಸಮಯವನ್ನೂ ಬೇರ್ಪಡಿಸಿದ ಸಮಯವನ್ನೂ ಲ್ಯಾಬಿನಲ್ಲಿ ಕೇಳಿ.