ಪಕ್ಕಕ್ಕೆ ಸರಿಯುವ ಸೀಟು

ಕಮೋಡಿನ ಸೀಟು ಒಮ್ಮೆಲೇ ಕೈಕೊಡುವುದಿಲ್ಲ. ಮೊದಮೊದಲು ಕೂತಾಗ ಎಡಕ್ಕೆ ಒಂದು ನೂಲಿನಷ್ಟು ಜರುಗುತ್ತದೆ. ಮೈಯನ್ನು ಬಲಕ್ಕೆ ವಾಲಿಸಿ ಕೂರುವುದನ್ನು ನಾವೂ ಗೊತ್ತಿಲ್ಲದೆ ರೂಢಿ ಮಾಡಿಕೊಳ್ಳುತ್ತೇವೆ. ಮನೆಗೆ ಬಂದ ನೆಂಟರು ಬಾತ್‌ರೂಮಿನಿಂದ ಹೊರಬಂದು, ಏನೂ ಹೇಳದೆ, ಒಂಥರಾ ನೋಡಿದಾಗಲೇ ನನಗೆ ನಾಚಿಕೆಯಾದದ್ದು.

ನನ್ನ ಚಿಕಿತ್ಸೆ ಸುಲಭದ್ದಾಗಿತ್ತು: ಕೆಳಗೆ ಕೈ ಹಾಕಿ ನಟ್ಟು ತಿರುಗಿಸುವುದು. ನಟ್ಟಿನ ಜೊತೆಗೇ ಬೋಲ್ಟೂ ಸುತ್ತುತ್ತಿದ್ದರೆ, ಬೋಲ್ಟಿನ ಮೇಲಿನ ಪುಟ್ಟ ಮುಚ್ಚಳ ಎಬ್ಬಿಸಿ ಸ್ಕ್ರೂಡ್ರೈವರಿನಲ್ಲಿ ಬೋಲ್ಟಿನ ತಲೆ ಹಿಡಿದುಕೊಳ್ಳುವುದು. ಹದಿನೈದು ದಿನಕ್ಕೆ ಮತ್ತೆ ಅದೇ ಕಥೆ. ಮೂರನೇ ಸಲ ಸಿಟ್ಟು ಬಂದು ದೊಡ್ಡ ಸ್ಪ್ಯಾನರು ತಂದೆ. ಒಂದು ಸುತ್ತು ಹಾಕುವಷ್ಟರಲ್ಲಿ ‘ಕಿರ್’ ಎಂದಿತು. ಎದೆ ಧಸಕ್ಕೆಂದಿತು. ಪುಣ್ಯಕ್ಕೆ ಹೋಗಿದ್ದು ಪ್ಲಾಸ್ಟಿಕ್ ನಟ್ಟಿನೊಳಗಿನ ತಿರುಪಿನ ಗೆರೆ ಮಾತ್ರ. ಉಕ್ಕಿನ ನಟ್ಟಾಗಿದ್ದರೆ ಅದು ಸೋಲುತ್ತಿರಲಿಲ್ಲ, ಪಿಂಗಾಣಿಯೇ ಸೋಲುತ್ತಿತ್ತು. ಪಿಂಗಾಣಿ ನಮ್ಮ ಭಾರವನ್ನು ಎಷ್ಟು ಬೇಕಾದರೂ ಹೊರುತ್ತದೆ, ಆದರೆ ಬಾಗು ಎಂದರೆ ಬಾಗುವುದಿಲ್ಲ, ಸೀಳುತ್ತದೆ.

ಆಮೇಲೆ ಸೀಟನ್ನೇ ಬಿಚ್ಚಿ, ಮಗುಚಿ ನೋಡಿದೆ. ಅಡಿಯಲ್ಲಿ ನಾಲ್ಕು ರಬ್ಬರ್ ಗುಂಡಿಗಳಿರಬೇಕು. ಮೂರಿದ್ದವು. ಹಿಂದಿನ ಎಡಗಡೆಯದು ಯಾವಾಗಲೋ ಉದುರಿ, ಅಲ್ಲೊಂದು ಅಂಟಿನ ಕಲೆ ಉಳಿದಿತ್ತು. ಪಕ್ಕದ್ದು ಚಪ್ಪಟೆಯಾಗಿ ಹಪ್ಪಳದಂತಾಗಿತ್ತು. ಗುಂಡಿ ನೆಲೆ ಕೊಡದ ಮೂಲೆಯಲ್ಲಿ ಸೀಟು ಕುಸಿಯುತ್ತದೆ, ಆ ಭಾರವೆಲ್ಲ ಹಿಂಜಿನ ಮೇಲೆ ಬೀಳುತ್ತದೆ. ಕೂತೆದ್ದಷ್ಟೂ ಸಲ ಬೋಲ್ಟು ಅಲುಗಿ, ನಟ್ಟು ತಾನಾಗಿ ಸಡಿಲವಾಗುತ್ತದೆ. ನಾನು ಇಷ್ಟು ದಿನ ಬೈಯುತ್ತಿದ್ದದ್ದು ನಟ್ಟನ್ನು!

ಇದನ್ನು ಬಿಚ್ಚದೆಯೂ ತಿಳಿಯಬಹುದಿತ್ತು. ಒಂದೊಂದು ಗುಂಡಿಯ ಕೆಳಗೂ ಕಾಗದದ ಪಟ್ಟಿ ಇಟ್ಟು, ಸೀಟು ಇಳಿಸಿ, ಎಳೆದು ನೋಡಬೇಕು. ಎಲ್ಲಿ ಕಾಗದ ತಡೆಯಿಲ್ಲದೆ ಬರುತ್ತದೋ ಅಲ್ಲಿ ಗುಂಡಿ ಪಿಂಗಾಣಿಗೆ ತಾಗುತ್ತಿಲ್ಲ.

ಪಕ್ಕಕ್ಕೆ ಜಾರುವುದಕ್ಕೆ ಇನ್ನೊಂದು ಕಾರಣವೂ ಸಿಕ್ಕಿತು. ಪಿಂಗಾಣಿಯ ತೂತು ಬೋಲ್ಟಿಗಿಂತ ಅಗಲ. ಭಟ್ಟಿಯಲ್ಲಿ ಸುಡುವಾಗ ಮಣ್ಣು ಕುಗ್ಗುವುದರಿಂದ ತೂತನ್ನು ಬಿಗಿಯಾಗಿ ಕೊರೆಯುವಂತಿಲ್ಲ. ಆ ಖಾಲಿ ಜಾಗ ತುಂಬಿ ಬೋಲ್ಟನ್ನು ನಡುವೆ ನಿಲ್ಲಿಸಲು ಗೋಪುರದಾಕಾರದ ರಬ್ಬರ್ ಬುಷ್ ಇರುತ್ತದೆ. ನಮ್ಮದು ಒಣಗಿ ಬಿರುಕುಬಿಟ್ಟಿತ್ತು. ಒಂದು ಗುಂಡಿ ಹೊಸದಾಗಿ ದಪ್ಪಗೆ, ಉಳಿದವು ಹಳೆಯವಾಗಿ ತೆಳ್ಳಗೆ ಇದ್ದರೆ ಸೀಟು ಮತ್ತೆ ಡೊಂಕೇ. ಹಾಗಾಗಿ ನಾಲ್ಕನ್ನೂ, ಹಾಳಾದ ನಟ್ಟನ್ನೂ ಬದಲಿಸಿ, ಬುಷ್‌ಗಳನ್ನೂ ಹೊಸದಾಗಿ ಹಾಕಿದೆ.

ಬಿಗಿಯುವಾಗ ಈ ಸಲ ದೊಡ್ಡ ಸ್ಪ್ಯಾನರನ್ನು ದೂರವಿಟ್ಟೆ. ಸೀಟನ್ನು ನೇರಮಾಡಿ, ಎಡಕ್ಕಿಷ್ಟು ಬಲಕ್ಕಿಷ್ಟು ಅಂತ ಎರಡೂ ನಟ್ಟುಗಳನ್ನು ಬೆರಳಲ್ಲೇ ತಿರುಗಿಸಿದೆ. ಬೆರಳು ಸಾಕೆಂದ ಮೇಲೆ ಸಣ್ಣ ಸ್ಪ್ಯಾನರಿನಿಂದ ಕಾಲು ಸುತ್ತು, ಅಷ್ಟೇ. ರಬ್ಬರ್ ಸ್ವಲ್ಪ ಉಬ್ಬಿದರೆ ಸಾಕು, ಹಿಂಡಿ ಹೊರಚೆಲ್ಲಬಾರದು. ಲೋಹದ ವಾಷರು ನೇರವಾಗಿ ಪಿಂಗಾಣಿಗೆ ಒತ್ತದಂತೆ ನಡುವೆ ರಬ್ಬರ್ ವಾಷರು ಹಾಕಿದ್ದೆ. ತೂತಿನ ಸುತ್ತ ಕೂದಲೆಳೆಯಂಥ ಗೆರೆಯಿದೆಯೇ ಎಂದು ಟಾರ್ಚು ಹಿಡಿದು ನೋಡಿದೆ. ಇರಲಿಲ್ಲ.

ಸೀಟು ಈಗ ಕದಲುವುದಿಲ್ಲ. ನಾನು ಮಾತ್ರ ಇನ್ನೂ ಬಲಕ್ಕೆ ವಾಲಿಯೇ ಕೂರುತ್ತೇನೆ.